ಬ್ರ್ಯಾಂಡ್ ಹೆಸರೇ ‘ಹಸಿರು’ ಆದಾಗ: ಗ್ರೀನ್‌ವಾಷಿಂಗ್‌ಗೆ ಬೀಳದಿರಲು ಸಮಗ್ರ ಮಾರ್ಗದರ್ಶಿ

ಬಿಸ್ಕೆಟ್ ಕಂಪನಿಯೊಂದು ಪ್ಯಾಕೆಟ್ ಮೇಲೆ ಒಂದು ಎಲೆ ಚಿತ್ರ ಹಾಕಿ ‘ಪರಿಸರ ಸ್ನೇಹಿ’ ಅಂತ ಬರೆದರೆ ಅದು ಒಂದು ಹೇಳಿಕೆ, ಅಷ್ಟೇ. ಅದು ತಪ್ಪಾದರೆ ಅಳಿಸಬಹುದು, ಬಿಸ್ಕೆಟ್ ಬಿಸ್ಕೆಟ್ಟಾಗಿಯೇ ಮಾರಾಟ ಆಗುತ್ತದೆ. ಆದರೆ ನಿಮ್ಮ ಬ್ರ್ಯಾಂಡಿನ ಹೆಸರಿನಲ್ಲೇ ಭೂಮಿ, ಹಸಿರು, ಪ್ರಕೃತಿ ಇದ್ದರೆ ಕಥೆ ಬೇರೆ. ಅಂಗಡಿಯಲ್ಲಿ 30 ರೂಪಾಯಿಗೆ ಸಿಗುವ ಟೂತ್‌ಬ್ರಶ್ ಬಿಟ್ಟು ನಿಮ್ಮ 120 ರೂಪಾಯಿ ಬ್ರಶ್ ಯಾಕೆ ಕೊಳ್ಳುತ್ತಾರೆ? ಹಲ್ಲು ಜಾಸ್ತಿ ಬೆಳ್ಳಗಾಗುತ್ತದೆ ಅಂತಲ್ಲ. ಆ 90 ರೂಪಾಯಿ ವ್ಯತ್ಯಾಸಕ್ಕೆ ಇರುವ ಕಾರಣವೇ ನಿಮ್ಮ ಹಸಿರು ಮಾತು. ಮಾತು ತಪ್ಪಾದರೆ ಆ ಹಣ ಸುಮ್ನೆ ವಸೂಲಿ ಮಾಡಿದಂತೆ. ಹೀಗೆ ನಿಲ್ಲದ ಹಸಿರು ಮಾತಿನಿಂದ ಗ್ರಾಹಕರನ್ನು ದಾರಿ ತಪ್ಪಿಸುವುದೇ ಗ್ರೀನ್‌ವಾಷಿಂಗ್.

ಈ ಬರಹದಲ್ಲಿ ಒಂದು ಉದಾಹರಣೆ ಹಿಡಿದು ಹೋಗೋಣ. ಬೆಂಗಳೂರಿನ ಒಂದು ಸಣ್ಣ ಬ್ರ್ಯಾಂಡ್ ಅಂತ ಇಟ್ಟುಕೊಳ್ಳಿ. ಮಾರುವುದು ಎರಡೇ ಸಾಮಾನು: ಬಿದಿರಿನ ಟೂತ್‌ಬ್ರಶ್, ಬಿದಿರಿನ ಟವೆಲ್. ಕೊರಿಯರ್ ಮಾಡುವುದು ‘ಕಾಂಪೋಸ್ಟೆಬಲ್’, ಅಂದರೆ ಕೊಳೆತು ಗೊಬ್ಬರವಾಗುವ ಕವರಿನಲ್ಲಿ. ಮಾಲೀಕರ ಮನಸ್ಸಿನಲ್ಲಿ ಮೋಸ ಇಲ್ಲ. ಆದರೂ ಬ್ರಶ್ ಬಾಕ್ಸ್ ಮೇಲೆ ಹೀಗಿದೆ: ‘100% ಜೈವಿಕವಾಗಿ ಕೊಳೆಯುತ್ತದೆ. ಪ್ಲಾಸ್ಟಿಕ್ ಮುಕ್ತ. ಭೂಮಿಗೆ ಒಳ್ಳೆಯದು.’ ಈ ಮೂರೂ ಮಾತು ನಿಲ್ಲುವುದಿಲ್ಲ. ಯಾಕೆ ಅಂತ ಒಂದೊಂದೇ ಹೆಜ್ಜೆಯಲ್ಲಿ ನೋಡೋಣ.

ಹೆಜ್ಜೆ 1: ಧ್ಯೇಯದ ಮಾತನ್ನೂ ಸಾಮಾನಿನ ಮಾತನ್ನೂ ಬೇರೆ ಮಾಡಿ

ಮೊದಲು ಕಾನೂನು ಎಲ್ಲಿ ಗೆರೆ ಎಳೆದಿದೆ ಅಂತ ತಿಳಿದುಕೊಳ್ಳಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಅಂದರೆ ಸಿಸಿಪಿಎ, 2024ರ ಅಕ್ಟೋಬರ್‌ನಲ್ಲಿ ಗ್ರೀನ್‌ವಾಷಿಂಗ್ ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹಸಿರು ಬ್ರ್ಯಾಂಡ್‌ಗಳಿಗೆ ತುಂಬಾ ಮುಖ್ಯವಾದ ಒಂದು ಅಂಶ ಇದೆ. ಯಾವುದೇ ಒಂದು ಸಾಮಾನಿಗೆ ಅಂಟಿಕೊಳ್ಳದ ಕಂಪನಿಯ ಧ್ಯೇಯವಾಕ್ಯ ಗ್ರೀನ್‌ವಾಷಿಂಗ್ ಅಲ್ಲ. ‘ನಮ್ಮ ಬೆಳವಣಿಗೆ ಪರಿಸರದ ಕಾಳಜಿಯ ಮೇಲೆ ನಿಂತಿರಬೇಕು ಅನ್ನುವುದು ನಮ್ಮ ಆಸೆ’ ಅಂತ ಕಂಪನಿಯ ಬಗ್ಗೆ ಬರೆದುಕೊಂಡರೆ ತೊಂದರೆ ಇಲ್ಲ. ಅದೇ ಕಂಪನಿ ‘ನಮ್ಮ ಎಲ್ಲ ಸಾಮಾನೂ ಪರಿಸರಕ್ಕೆ ಹಾನಿ ಇಲ್ಲದೆ ತಯಾರಾಗುತ್ತವೆ’ ಅಂದ ಕೂಡಲೇ ಅದು ಪರೀಕ್ಷೆಗೆ ಒಳಪಡುವ ಹೇಳಿಕೆ. ಪ್ರತಿಯೊಂದಕ್ಕೂ ಪುರಾವೆ ಇರಬೇಕು.

ಹಾಗೆಯೇ ಹಸಿರು ಬಣ್ಣ, ಎಲೆ ಚಿತ್ರ ಬಳಸಿದ ಮಾತ್ರಕ್ಕೆ ತಪ್ಪಲ್ಲ. ಅವು ಜನರನ್ನು ದಾರಿ ತಪ್ಪಿಸುವಂತಿದ್ದರೆ ಮಾತ್ರ ತಪ್ಪು. ಆದರೆ ಬ್ರಶ್ ಬಾಕ್ಸ್ ಮೇಲೆ ದುಂಡಗಿನ ಮುದ್ರೆಯೊಳಗೆ ಎಲೆ ಹಾಕಿ, ಸುತ್ತಲೂ ‘ಭೂಮಿ ಮೆಚ್ಚಿದ್ದು’ ಅಂತ ಬರೆದರೆ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಯಾರೋ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟಿದ್ದಾರೆ ಅಂತ ಗ್ರಾಹಕರು ಓದಿಕೊಳ್ಳುತ್ತಾರೆ. ನೀವೇ ಮಾಡಿಸಿದ ಇಂಥ ಮುದ್ರೆಗಳನ್ನು ಇವತ್ತೇ ತೆಗೆಯಿರಿ. ಇದರಲ್ಲಿ ಯೋಚಿಸುವುದು ಏನೂ ಇಲ್ಲ.

ಈಗ ಒಂದು ಶೀಟ್ ತೆರೆದು ನೀವು ಎಲ್ಲೆಲ್ಲಿ ಏನೇನು ಹೇಳಿದ್ದೀರೋ ಎಲ್ಲವನ್ನೂ ಬರೆಯಿರಿ. ಬಾಕ್ಸ್, ವೆಬ್‌ಸೈಟ್, ಇನ್‌ಸ್ಟಾಗ್ರಾಂ ಪರಿಚಯ, ಅಮೆಜಾನ್ ಲಿಸ್ಟಿಂಗ್, ಕೊರಿಯರ್ ಕವರ್, ಬಾಕ್ಸ್ ಒಳಗೆ ಇಡುವ ಧನ್ಯವಾದದ ಚೀಟಿ. ವಾಟ್ಸ್ಯಾಪ್‌ನಲ್ಲಿ ಗ್ರಾಹಕರಿಗೆ ಕಳಿಸುವ ರೆಡಿ ಉತ್ತರಗಳನ್ನು ಎಲ್ಲರೂ ಮರೆಯುತ್ತಾರೆ, ಅವೂ ಬೇಕು. ಪ್ರತಿ ಸಾಲಿನ ಪಕ್ಕದಲ್ಲಿ ಒಂದೇ ಪ್ರಶ್ನೆ: ಇದು ಯಾವುದರ ಬಗ್ಗೆ? ಇಡೀ ಸಾಮಾನೋ, ಅದರ ಒಂದು ಭಾಗವೋ, ತಯಾರಿಯೋ, ಪ್ಯಾಕಿಂಗೋ, ಎಸೆಯುವ ವಿಧಾನವೋ? ಮಾರ್ಗಸೂಚಿ ಕೇಳುವುದೂ ಇದನ್ನೇ. ಇದಕ್ಕೆ ಉತ್ತರ ಸಿಗದ ಸಾಲು ಬಾಕ್ಸ್ ಮೇಲೆ ಇರಬಾರದು. ‘ಭೂಮಿಗೆ ಒಳ್ಳೆಯದು’ ಅನ್ನುವುದು ಇಲ್ಲೇ ಬಿದ್ದುಹೋಗುತ್ತದೆ.

ಹೆಜ್ಜೆ 2: ಸಾಮಾನನ್ನು ಬಿಚ್ಚಿ ನೋಡಿ

ಇದು ಮಾತಲ್ಲ, ನಿಜವಾಗಿ ಬಿಚ್ಚಬೇಕು. ಒಂದು ಬ್ರಶ್ ತೆಗೆದುಕೊಳ್ಳಿ. ಇಕ್ಕಳದಿಂದ ಬ್ರಿಸಲ್‌ಗಳನ್ನು, ಅಂದರೆ ಬ್ರಶ್‌ನ ಎಳೆಗಳನ್ನು, ಒಂದು ಗೊಂಚಲು ಎಳೆಯಿರಿ. ಬುಡದಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಲೋಹದ ತುಂಡು ಸಿಗುತ್ತದೆ. ಗೊಂಚಲನ್ನು ಮಡಚಿ ತೂತಿನೊಳಗೆ ಬಿಗಿಯಾಗಿ ಕೂರಿಸಲು ಹಾಕಿರುವುದು ಅದು. ಅಂದರೆ ಬಿದಿರು, ಬ್ರಿಸಲ್, ಲೋಹ ಅಂತ ಮೂರು ವಸ್ತು ಆಯಿತು. ಹಿಡಿಗೆ ಮೇಣ ಅಥವಾ ವಾರ್ನಿಷ್ ಹಚ್ಚಿದ್ದರೆ ನಾಲ್ಕು. ಬಾಕ್ಸ್ ಒಳಗೆ ಬ್ರಶ್‌ಗೆ ತೆಳುವಾದ ಪಾರದರ್ಶಕ ಕವರ್ ಇದೆಯಾ? ಐದು.

ಈಗ ಆ ಎಳೆಗಳನ್ನು ಚಿಮಟದಲ್ಲಿ ಹಿಡಿದು ಉರಿಯ ಹತ್ತಿರ ತನ್ನಿ. ಕಿಟಕಿ ತೆರೆದಿಟ್ಟುಕೊಂಡು, ಕೈ ಜೋಪಾನ. ಅವು ಕುಗ್ಗಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾದರೆ ಅದು ನೈಲಾನ್ ಥರದ ಪ್ಲಾಸ್ಟಿಕ್. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಅದು ಪ್ರಾಣಿಯ ರೋಮ, ಬ್ರಶ್‌ಗಳಲ್ಲಿ ಹೆಚ್ಚಾಗಿ ಹಂದಿಯದು. ಮಾರುಕಟ್ಟೆಯ ಹೆಚ್ಚಿನ ಬಿದಿರು ಬ್ರಶ್‌ಗಳಲ್ಲಿ ಇರುವುದು ನೈಲಾನೇ. ಕಪ್ಪು ಬಣ್ಣದ ‘ಇದ್ದಿಲು ಬ್ರಿಸಲ್’ ಕೂಡ ಸಾಮಾನ್ಯವಾಗಿ ಇದ್ದಿಲ ಪುಡಿ ಬೆರೆಸಿದ ನೈಲಾನ್.

ಸಪ್ಲೈಯರ್‌ನ ಕೇಳಿದರೆ ‘ಇದು ಗಿಡದಿಂದ ಬಂದ ಬ್ರಿಸಲ್ ಸಾರ್, ಹರಳೆಣ್ಣೆಯಿಂದ ಮಾಡಿದ್ದು’ ಅನ್ನಬಹುದು. ಸುಳ್ಳು ಅಂತಲ್ಲ, ಹರಳೆಣ್ಣೆಯಿಂದ ನೈಲಾನ್ ಮಾಡುತ್ತಾರೆ. ಆದರೆ ಇಲ್ಲೇ ಎಷ್ಟೋ ಹಸಿರು ಬ್ರ್ಯಾಂಡ್‌ಗಳು ಎಡವುವುದು. ಯಾವುದರಿಂದ ಮಾಡಿದ್ದು ಅನ್ನುವುದು ಒಂದು ಪ್ರಶ್ನೆ, ಮಣ್ಣಲ್ಲಿ ಕೊಳೆಯುತ್ತದಾ ಅನ್ನುವುದು ಇನ್ನೊಂದು. ಹರಳೆಣ್ಣೆಯಿಂದ ಮಾಡಿದರೂ ನೈಲಾನ್ ನೈಲಾನೇ. ಹಿತ್ತಲಿನ ಗೊಬ್ಬರದ ಗುಂಡಿಯಲ್ಲಿ ಅದು ಕೊಳೆಯುವುದಿಲ್ಲ. ‘ಬ್ರಿಸಲ್‌ನಲ್ಲಿ ಹರಳೆಣ್ಣೆ ಮೂಲದ ನೈಲಾನ್ ಇದೆ’ ಅಂತ ಧಾರಾಳವಾಗಿ ಬರೆಯಿರಿ, ಎಷ್ಟು ಪಾಲು ಅಂತಲೂ ಬರೆಯಿರಿ. ‘ಕೊಳೆಯುತ್ತದೆ’ ಅಂತ ಬರೆಯಬೇಡಿ.

ಪೂರ್ತಿ ಕೊಳೆಯುವ ಬ್ರಿಸಲ್ಲೇ ಬೇಕು ಅಂದರೆ ಹಂದಿ ರೋಮ ಇದೆ. ಅದನ್ನು ನಮ್ಮೂರಲ್ಲಿ ಎಷ್ಟು ಜನ ಬಾಯಿಗೆ ಹಾಕಿಕೊಳ್ಳುತ್ತಾರೆ, ನೀವೇ ಯೋಚಿಸಿ. ಹಾಗಾಗಿ ನೈಲಾನ್ ಬಳಸುವುದು ತಪ್ಪಲ್ಲ. ಬಳಸಿದ ಮೇಲೆ ‘ಇಲ್ಲ’ ಅನ್ನುವುದು ತಪ್ಪು.

ಟವೆಲ್‌ಗೂ ಇದೇ ಪಾಡು. ‘ಬಿದಿರಿನ ಬಟ್ಟೆ’ ಅಂತ ಮೃದುವಾಗಿ, ಮಿರುಗುತ್ತಾ ಬರುವುದು ಬಹುಪಾಲು ವಿಸ್ಕೋಸ್, ಅಂದರೆ ರೇಯಾನ್‌ನ ಒಂದು ಬಗೆ. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಬಳಸಿ ಕರಗಿಸಿ, ಆಮೇಲೆ ನೂಲು ತೆಗೆಯುತ್ತಾರೆ. ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ನರಗಳಿಗೆ ಹಾನಿ ಮಾಡುವ ರಾಸಾಯನಿಕ. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2022ರಲ್ಲಿ ವಾಲ್‌ಮಾರ್ಟ್ ಮತ್ತು ಕೋಲ್ಸ್ ಎಂಬ ದೊಡ್ಡ ಅಂಗಡಿ ಕಂಪನಿಗಳ ಮೇಲೆ ಕ್ರಮ ಕೈಗೊಂಡಿದ್ದು ಇದೇ ವಿಷಯಕ್ಕೆ. ರೇಯಾನ್ ಬಟ್ಟೆಯನ್ನು ಬಿದಿರು ಅಂತ, ಅದೂ ಪರಿಸರ ಸ್ನೇಹಿ ಅಂತ ಮಾರಿದ್ದಕ್ಕೆ ಎರಡೂ ಸೇರಿ 55 ಲಕ್ಷ ಡಾಲರ್ ದಂಡ. ನಿಮ್ಮ ಲೇಬಲ್ ಮೇಲೆ ‘ಬಿದಿರಿನಿಂದ ತೆಗೆದ ವಿಸ್ಕೋಸ್’ ಅಂತ ಇರಲಿ. ಹತ್ತಿ ಬೆರೆಸಿದ್ದರೆ ಎರಡರ ಶೇಕಡಾವಾರು ಕೂಡ.

ಹೆಜ್ಜೆ 3: ಪ್ರತಿ ಹೇಳಿಕೆಗೂ ಕಾಗದ ಕೇಳಿ, ಬಂದ ಕಾಗದವನ್ನು ಓದಿ

ಸಪ್ಲೈಯರ್ ಸರ್ಟಿಫಿಕೇಟ್ ಕಳಿಸಿಯೇ ಕಳಿಸುತ್ತಾರೆ. ನಮ್ಮವರು ಪಿಡಿಎಫ್ ಬಂತು ಅಂತ ಫೋಲ್ಡರಿಗೆ ಹಾಕಿ ಮರೆತುಬಿಡುತ್ತಾರೆ. ಅದನ್ನು ತೆರೆದು ನಾಲ್ಕು ವಿಷಯ ನೋಡಿ: ಯಾರ ಹೆಸರಿಗಿದೆ, ಯಾವ ವಸ್ತುವಿಗೆ, ಯಾವ ಮಾನದಂಡದ ಮೇಲೆ, ಯಾವ ದಿನಾಂಕದವರೆಗೆ. ಕಚ್ಚಾ ವಸ್ತುವಿಗೆ ಕೊಟ್ಟ ವರದಿಯನ್ನು ತಯಾರಾದ ಸಾಮಾನಿಗೆ ತೋರಿಸುವುದು ಎಲ್ಲೆಲ್ಲೂ ಕಾಣುವ ದೋಷ. ಬಿದಿರಿನ ಹಿಡಿ ಕೊಳೆಯುತ್ತದೆ ಅಂತ ಲ್ಯಾಬ್ ಹೇಳಿದರೆ ಅದು ಬ್ರಶ್ ಬಗ್ಗೆ ಹೇಳಿದಂತಲ್ಲ.

ಸರ್ಟಿಫಿಕೇಟ್ ನಂಬರನ್ನು ಕೊಟ್ಟ ಸಂಸ್ಥೆಯ ವೆಬ್‌ಸೈಟಿನಲ್ಲಿ ನೀವೇ ಹಾಕಿ ಹುಡುಕಿ. ಇದು ಅತಿಯಾದ ಅನುಮಾನ ಅನ್ನಿಸಬಹುದು. 2020ರಲ್ಲಿ ಸಾವಯವ ಬಟ್ಟೆಗೆ ಸರ್ಟಿಫಿಕೇಟ್ ಕೊಡುವ ಗಾಟ್ಸ್ ಸಂಸ್ಥೆ ಭಾರತದಲ್ಲಿ 20 ಸಾವಿರ ಟನ್ ಹತ್ತಿಯನ್ನು ಸುಳ್ಳು ಕಾಗದದ ಮೇಲೆ ಸಾವಯವ ಅಂತ ತೋರಿಸಿದ್ದನ್ನು ಪತ್ತೆ ಮಾಡಿತ್ತು. ಅಷ್ಟು ಬಟ್ಟೆ ಮಾರಿದ ಅಂಗಡಿಗಳಲ್ಲಿ ಎಷ್ಟೋ ಮಂದಿಗೆ ತಾವು ಮಾರಿದ್ದು ಏನು ಅಂತ ಗೊತ್ತಿರಲಿಕ್ಕಿಲ್ಲ.

ಟವೆಲ್‌ಗೆ ಸಾವಯವ ಹತ್ತಿ ಬಳಸುವುದಾದರೆ ಒಂದು ವ್ಯತ್ಯಾಸ ತಲೆಯಲ್ಲಿರಲಿ. ಗಾಟ್ಸ್‌ನಲ್ಲಿ ಸ್ಕೋಪ್ ಸರ್ಟಿಫಿಕೇಟ್ ಅಂತ ಒಂದಿದೆ, ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಅಂತ ಇನ್ನೊಂದಿದೆ. ಮೊದಲನೆಯದು ಆ ಮಿಲ್ಲಿಗೆ ಸಾವಯವ ಬಟ್ಟೆ ಮಾಡಲು ಅರ್ಹತೆ ಇದೆ ಅನ್ನುತ್ತದೆ. ನಿಮಗೆ ಕಳಿಸಿದ ಈ ಲಾಟ್ ಸಾವಯವ ಅಂತ ಹೇಳುವುದು ಎರಡನೆಯದು. ಅದೇ ಮಿಲ್ಲು ಮಾಮೂಲಿ ಹತ್ತಿಯನ್ನೂ ನೇಯುತ್ತಿರಬಹುದಲ್ವಾ? ಹಾಗಾಗಿ ಲಾಟ್ ಬಂದಾಗಲೆಲ್ಲ ಎರಡನೆಯದನ್ನು ಕೇಳಿ. ಇನ್ನು ಮರ, ಕಾಗದ ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನದು ಅಂತ ಹೇಳುವ ಎಫ್‌ಎಸ್‌ಸಿಯಂಥ ಲೋಗೋ. ಸಪ್ಲೈಯರ್ ಹತ್ತಿರ ಸರ್ಟಿಫಿಕೇಟ್ ಇದೆ ಅಂದ ಮಾತ್ರಕ್ಕೆ ನಿಮ್ಮ ಬಾಕ್ಸ್ ಮೇಲೆ ಅದನ್ನು ಅಚ್ಚು ಹಾಕುವಂತಿಲ್ಲ. ಅದಕ್ಕೆ ಬೇರೆ ಅನುಮತಿ ಬೇಕು.

ಹೆಜ್ಜೆ 4: ಕೊರಿಯರ್ ಕವರ್ ಎಲ್ಲಿ ಕೊಳೆಯುತ್ತದೆ ಅಂತ ಹೇಳಿ

ಕಾಂಪೋಸ್ಟೆಬಲ್ ಕವರ್ ವಿಷಯದಲ್ಲಿ ಮಾತು ನಿಜವಾಗಿದ್ದೂ ಜನ ದಾರಿ ತಪ್ಪುತ್ತಾರೆ. ಭಾರತದಲ್ಲಿ ಇದರ ಮಾನದಂಡ ಐಎಸ್ 17088. ಕಾಂಪೋಸ್ಟೆಬಲ್ ಪ್ಲಾಸ್ಟಿಕ್ ಚೀಲ ತಯಾರಿಸುವವರಿಗೂ ಮಾರುವವರಿಗೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಬೇಕು. ಆದರೆ ಈ ಪರೀಕ್ಷೆ ನಡೆಯುವುದು ದೊಡ್ಡ ಗೊಬ್ಬರ ಘಟಕದ ಸ್ಥಿತಿಯಲ್ಲಿ, ಸುಮಾರು 58 ಡಿಗ್ರಿ ಬಿಸಿಯಲ್ಲಿ. ನಿಮ್ಮ ಗ್ರಾಹಕರ ಬಾಲ್ಕನಿಯ ಗೊಬ್ಬರದ ಮಡಕೆ ಅಷ್ಟು ಬಿಸಿಯನ್ನು ವಾರಗಟ್ಟಲೆ ಹಿಡಿದಿಡುವುದಿಲ್ಲ. ಆರು ತಿಂಗಳ ಮೇಲೆ ಕಡ್ಡಿ ಆಡಿಸಿದರೆ ಕವರ್ ಚೂರುಚೂರಾಗಿ ಹಾಗೇ ಸಿಗುತ್ತದೆ. ಹಸಿ ಕಸಕ್ಕೆ ಹಾಕಿದರೆ? ವಿಂಗಡಿಸುವವರ ಕಣ್ಣಿಗೆ ಅದು ಪ್ಲಾಸ್ಟಿಕ್ಕೇ, ತೆಗೆದು ಆಚೆ ಹಾಕುತ್ತಾರೆ.

ಹಾಗಾಗಿ ಬರೆಯಬೇಕಾದದ್ದು ಹೀಗೆ: ‘ಈ ಕವರ್ ಐಎಸ್ 17088 ಪ್ರಕಾರ ದೊಡ್ಡ ಗೊಬ್ಬರ ಘಟಕದಲ್ಲಿ ಕೊಳೆಯುತ್ತದೆ. ಮನೆಯ ಗೊಬ್ಬರದ ಮಡಕೆಯಲ್ಲಿ ಕೊಳೆಯುವುದಿಲ್ಲ.’ ಜೊತೆಗೆ ಸರ್ಟಿಫಿಕೇಟ್ ನಂಬರ್. ಇಷ್ಟು ಬರೆದ ಮೇಲೆ ‘ಹಾಗಾದರೆ ಈ ಕವರ್ ಯಾಕೆ?’ ಅಂತ ನಿಮಗೇ ಅನ್ನಿಸಿದರೆ ಒಳ್ಳೆಯದು. ಎರಡು ಬ್ರಶ್ ಕಳಿಸಲು ದಪ್ಪ ಕಾಗದದ ಲಕೋಟೆ ಸಾಕು. ನನ್ನ ಕೇಳಿದರೆ ಅದೇ ಸರಿ.

ಇಲ್ಲೇ ಇನ್ನೊಂದು ಮಾತು. ‘ನಾವು ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಕೊಡುವುದಿಲ್ಲ’ ಅಂತ ಹೆಮ್ಮೆಯಿಂದ ಬರೆದುಕೊಳ್ಳುವ ಅಂಗಡಿಗಳಿವೆ. ಕರ್ನಾಟಕದಲ್ಲಿ ಅದು 2016ರಿಂದ ನಿಷೇಧ. ಕಾನೂನು ಪಾಲಿಸುವುದನ್ನು ವಿಶೇಷ ಗುಣದಂತೆ ಮಾರಿಕೊಳ್ಳುವುದೂ ಗ್ರೀನ್‌ವಾಷಿಂಗೇ.

ಹೆಜ್ಜೆ 5: ಹೋಲಿಕೆ ಮಾಡುವಾಗ ಯಾವುದಕ್ಕೆ ಯಾವುದು ಅಂತ ಬರೆಯಿರಿ

ಇಲ್ಲಿ ಓಟ್ಲಿ ಎಂಬ ಓಟ್ಸ್ ಹಾಲಿನ ಕಂಪನಿಯ ಪ್ರಕರಣ ನೋಡಬೇಕು. ಸ್ವೀಡನ್ನಿನ ಈ ಬ್ರ್ಯಾಂಡ್ ನಿಂತಿರುವುದೇ ‘ಹಸುವಿನ ಹಾಲು ಬಿಟ್ಟರೆ ಭೂಮಿಗೆ ಒಳ್ಳೆಯದು’ ಅನ್ನುವ ಮಾತಿನ ಮೇಲೆ. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಎಎಸ್‌ಎ 2022ರ ಜನವರಿಯಲ್ಲಿ ಇವರ ಕೆಲವು ಜಾಹೀರಾತುಗಳು ತಪ್ಪು ಅಂತ ತೀರ್ಪು ಕೊಟ್ಟಿತು.

ಒಂದು ಜಾಹೀರಾತಿನಲ್ಲಿ ‘ಹಾಲಿಗಿಂತ ಓಟ್ಲಿಯಿಂದ ಶೇ 73ರಷ್ಟು ಕಡಿಮೆ ಇಂಗಾಲ ಹೊಮ್ಮುತ್ತದೆ’ ಅಂತಿತ್ತು. ಅಂಕಿ ಕಟ್ಟುಕಥೆ ಆಗಿರಲಿಲ್ಲ. ಆದರೆ ಲೆಕ್ಕ ಮಾಡಿದ್ದು ಅವರ ಬರಿಸ್ತಾ ಅನ್ನುವ ಒಂದು ಸಾಮಾನಿಗೆ, ಹೋಲಿಸಿದ್ದು ಕೆನೆಭರಿತ ಹಾಲಿಗೆ. ಜಾಹೀರಾತು ಓದಿದವರು ಎಲ್ಲ ಓಟ್ಲಿಗೂ, ಎಲ್ಲ ಹಾಲಿಗೂ ಅದು ಅನ್ವಯ ಅಂದುಕೊಳ್ಳುತ್ತಾರೆ. ಇನ್ನೊಂದರಲ್ಲಿ ಹಾಲು ಮತ್ತು ಮಾಂಸದ ಉದ್ಯಮ ಲೋಕದ ವಿಮಾನ, ರೈಲು, ಕಾರು, ಹಡಗುಗಳೆಲ್ಲ ಸೇರಿದ್ದಕ್ಕಿಂತ ಜಾಸ್ತಿ ಇಂಗಾಲ ಬಿಡುತ್ತದೆ ಅಂದಿದ್ದರು. ಹಾಲು, ಮಾಂಸಕ್ಕೆ ಹುಟ್ಟಿನಿಂದ ಕೊನೆಯವರೆಗಿನ ಲೆಕ್ಕ, ವಾಹನಗಳಿಗೆ ಮಾತ್ರ ಓಡಿಸುವಾಗ ಬರುವ ಹೊಗೆಯ ಲೆಕ್ಕ. ಎರಡು ಬೇರೆ ಬೇರೆ ಅಳತೆ. ಹವಾಮಾನ ‘ತಜ್ಞರು’ ಹೇಳುತ್ತಾರೆ ಅಂದ ಮಾತಿನ ಹಿಂದೆ ಇದ್ದದ್ದು ಒಬ್ಬರೇ ತಜ್ಞರ ಅಭಿಪ್ರಾಯ.

ಈಗ ನಮ್ಮ ಬ್ರಶ್‌ಗೆ ಬನ್ನಿ. ‘ಮಾಮೂಲಿ ಬ್ರಶ್‌ಗಿಂತ ಶೇ 90 ಕಡಿಮೆ ಪ್ಲಾಸ್ಟಿಕ್’ ಅಂತ ಬರೆಯುವ ಆಸೆ. ಮಾಡಿ ನೋಡೋಣ. ನಿಮ್ಮ ಬ್ರಶ್‌ನಲ್ಲಿ ನೈಲಾನ್ 1 ಗ್ರಾಂ, ಹೋಲಿಸಿದ ಬ್ರಶ್‌ನಲ್ಲಿ ಒಟ್ಟು ಪ್ಲಾಸ್ಟಿಕ್ 16 ಗ್ರಾಂ ಅಂತಿಟ್ಟುಕೊಂಡರೆ ಶೇ 94 ಕಡಿಮೆ. ಆದರೆ ಒಳಗಿನ ಪಾರದರ್ಶಕ ಕವರ್ 1 ಗ್ರಾಂ ಇದ್ದು, ಅದನ್ನು ಬಿಟ್ಟಿದ್ದೀರಿ. ಸೇರಿಸಿದರೆ ನಿಮ್ಮದು 2 ಗ್ರಾಂ. ಆ ಕಡೆಯ ಪ್ಯಾಕಿಂಗನ್ನೂ ತೂಗಬೇಕು, ಅದು 4 ಗ್ರಾಂ ಆದರೆ ಒಟ್ಟು 20. ಈಗ 2 ಮತ್ತು 20, ಅಂದರೆ ಶೇ 90. ಈ ಲೆಕ್ಕದಲ್ಲಿ ನಿಂತಿತು. ಆದರೆ ಯಾವ ಬ್ರಶ್‌ಗೆ ಹೋಲಿಸಿದಿರಿ, ಎಷ್ಟು ಬ್ರಶ್ ತೂಗಿದಿರಿ, ಯಾವ ತಿಂಗಳಲ್ಲಿ ಅನ್ನುವುದು ಹೇಳಿಕೆಯ ಪಕ್ಕದಲ್ಲೇ ಇರಬೇಕು. ನೆನಪಿಡಿ, ಇದು ಪ್ಲಾಸ್ಟಿಕ್ ತೂಕದ ಹೋಲಿಕೆ ಮಾತ್ರ. ಚೀನಾದಿಂದ ಹಡಗಿನಲ್ಲಿ ಬಂದ ಬಿದಿರಿನ ಇಂಗಾಲದ ಲೆಕ್ಕ ಇದರಲ್ಲಿ ಬಂದಿಲ್ಲ. ‘ಪರಿಸರಕ್ಕೆ ಶೇ 90 ಉತ್ತಮ’ ಅಂದರೆ ಮತ್ತೆ ಓಟ್ಲಿಯ ಹಳ್ಳಕ್ಕೇ ಬಿದ್ದಿರಿ.

ಹೆಜ್ಜೆ 6: ಬಾಕ್ಸನ್ನು ಮತ್ತೆ ಬರೆಯಿರಿ

ಹಳೆಯದು: ‘100% ಜೈವಿಕವಾಗಿ ಕೊಳೆಯುತ್ತದೆ. ಪ್ಲಾಸ್ಟಿಕ್ ಮುಕ್ತ. ಭೂಮಿಗೆ ಒಳ್ಳೆಯದು.’

ಹೊಸದು: ‘ಹಿಡಿ ಬಿದಿರಿನದು. ಬ್ರಿಸಲ್ ನೈಲಾನ್, ಅಂದರೆ ಪ್ಲಾಸ್ಟಿಕ್. ಎಸೆಯುವ ಮುಂಚೆ ತಲೆಭಾಗ ಮುರಿದು ಒಣ ಕಸಕ್ಕೆ ಹಾಕಿ. ಹಿಡಿಯನ್ನು ಮಣ್ಣಿಗೆ ಹಾಕಬಹುದು, ಕೊಳೆಯಲು ಸಮಯ ಹಿಡಿಯುತ್ತದೆ.’

ಹಿಡಿಗೆ ವಾರ್ನಿಷ್ ಹಚ್ಚಿದ್ದರೆ ಕೊನೆಯ ಸಾಲೂ ಹೋಗುತ್ತದೆ. ಮಾರ್ಕೆಟಿಂಗ್ ನೋಡುವವರು ‘ಇದನ್ನ ಯಾರು ತಗೋತಾರೆ?’ ಅಂತ ಕೇಳುತ್ತಾರೆ, ಕೇಳಲಿ. ಹಸಿರು ಬ್ರ್ಯಾಂಡ್ ಹುಡುಕಿಕೊಂಡು ಬರುವ ಗ್ರಾಹಕರೇ ಬ್ರಿಸಲ್ ಸುಟ್ಟು ನೋಡುವವರು. ಅವರ ಮುಂದೆ ‘ಪ್ಲಾಸ್ಟಿಕ್ ಮುಕ್ತ’ ಅಂದರೆ ವಿಡಿಯೋ ಮಾಡಿ ಹಾಕುತ್ತಾರೆ.

‘ಬಾಕ್ಸ್ ಮೇಲೆ ದೊಡ್ಡದಾಗಿ ಪರಿಸರ ಸ್ನೇಹಿ ಅಂತಿರಲಿ, ವಿವರ ಕ್ಯೂಆರ್ ಕೋಡ್‌ನಲ್ಲಿ ಕೊಡೋಣ’ ಅನ್ನುವ ಉಪಾಯ ಬರುತ್ತದೆ. ಸಿಸಿಪಿಎ ವಿವರಗಳಿಗೆ ಕ್ಯೂಆರ್ ಕೋಡ್ ಬಳಸಲು ಬಿಡುತ್ತದೆ, ನಿಜ. ಆದರೆ ಜಾಹೀರಾತು ಉದ್ಯಮದ ಎಎಸ್‌ಸಿಐ ಸಂಸ್ಥೆಯ ನಿಯಮ 2024ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ‘ಪರಿಸರ ಸ್ನೇಹಿ’ಯಂಥ ಸಾರಾಸಗಟು ಮಾತನ್ನು ಕ್ಯೂಆರ್ ಕೋಡ್ ಅಥವಾ ಸಣ್ಣ ಅಕ್ಷರದ ಷರತ್ತು ಹಾಕಿ ತೆಳು ಮಾಡುವಂತಿಲ್ಲ. ಕೋಡ್ ಇರುವುದು ನಿಜವಾದ ಮಾತಿಗೆ ಪುರಾವೆ ಸೇರಿಸಲು, ಸುಳ್ಳು ಮಾತನ್ನು ತಿದ್ದಲು ಅಲ್ಲ.

ಸರಣಿಗೆ ಇಡುವ ಹೆಸರಲ್ಲೂ ಜೋಪಾನ. ಎಚ್ ಆಂಡ್ ಎಂ ‘ಕಾನ್ಷಿಯಸ್’, ಡೆಕಾಥ್ಲಾನ್ ‘ಇಕೋಡಿಸೈನ್’ ಅನ್ನುವ ಹೆಸರುಗಳನ್ನು ಬಟ್ಟೆಗಳಿಗೆ ಹಾಕುತ್ತಿದ್ದವು. ಅವುಗಳ ಅರ್ಥ ಏನು ಅಂತ ಸ್ಪಷ್ಟವಾಗಿ ಹೇಳಿಲ್ಲ ಅಂತ ನೆದರ್‌ಲ್ಯಾಂಡ್ಸ್‌ನ ಗ್ರಾಹಕ ಪ್ರಾಧಿಕಾರ ತಗಾದೆ ತೆಗೆಯಿತು. 2022ರಲ್ಲಿ ಎರಡೂ ಕಂಪನಿ ಆ ಪದಗಳನ್ನು ತಿದ್ದಲು ಅಥವಾ ಕೈಬಿಡಲು ಒಪ್ಪಿ, ಒಂದು 5 ಲಕ್ಷ, ಇನ್ನೊಂದು 4 ಲಕ್ಷ ಯೂರೋ ದೇಣಿಗೆ ಕೊಡಬೇಕಾಯಿತು.

‘ಕಾರ್ಬನ್ ನ್ಯೂಟ್ರಲ್ ಬ್ರಶ್’ ಅನ್ನುವ ಆಸೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಎಲ್ಲೋ ಗಿಡ ನೆಡಲು ಹಣ ಕೊಟ್ಟು, ಅದರ ಲೆಕ್ಕದಲ್ಲಿ ಸಾಮಾನನ್ನು ಇಂಗಾಲ ಮುಕ್ತ ಅನ್ನುವುದು ಯುರೋಪಿನಲ್ಲಿ 2026ರ ಸೆಪ್ಟೆಂಬರ್ 27ರಿಂದ ನಿಷೇಧ. ಅಲ್ಲಿಗೆ ರಫ್ತು ಮಾಡುವ ಯೋಚನೆ ಇದ್ದರೆ ಈಗಿನಿಂದಲೇ ಆ ಪದ ಬೇಡ. ‘ಒಂದು ಆರ್ಡರ್‌ಗೆ ಒಂದು ಸಸಿ’ ಅನ್ನುವುದಾದರೆ ಯಾವ ತಾಲ್ಲೂಕು, ಯಾವ ಜಾತಿಯ ಸಸಿ, ಎರಡು ಬೇಸಿಗೆ ಕಳೆದ ಮೇಲೆ ಎಷ್ಟು ಉಳಿದಿವೆ ಅಂತ ಹೇಳಲು ಸಿದ್ಧರಿರಬೇಕು.

ಹೆಜ್ಜೆ 7: ಕಡತ ಇಡಿ, ಲಾಟ್ ಬದಲಾದರೆ ಮತ್ತೆ ನೋಡಿ

ಪ್ರತಿ ಹೇಳಿಕೆಗೂ ಒಂದು ಫೋಲ್ಡರ್: ಹೇಳಿಕೆಯ ಸಾಲು, ಪುರಾವೆಯ ಕಾಗದ, ತೂಗಿದ ಫೋಟೋ, ದಿನಾಂಕ, ಯಾವ ಲಾಟ್‌ಗೆ ಅನ್ವಯ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡಿದವರ ಮೇಲೂ ಹಾಕಬಹುದು. ಆದ್ದರಿಂದ ರೀಲ್ಸ್ ಮಾಡುವವರಿಗೆ ಬ್ರಶ್ ಕಳಿಸುವಾಗ ಏನು ಹೇಳಬಾರದು ಅಂತ ಒಂದು ಪುಟ ಬರೆದು ಕಳಿಸಿ. ‘ಇದು ಪೂರ್ತಿ ಮಣ್ಣಲ್ಲಿ ಮಣ್ಣಾಗುತ್ತೆ ಫ್ರೆಂಡ್ಸ್’ ಅನ್ನುವುದು ಆ ಪಟ್ಟಿಯ ಮೊದಲ ಸಾಲಾಗಿರಲಿ.

ಸಪ್ಲೈಯರ್ ಹೇಳದೆಯೇ ಸಾಮಾನು ಬದಲಾಯಿಸುತ್ತಾರೆ. ಹರಳೆಣ್ಣೆ ನೈಲಾನ್ ಸಿಗಲಿಲ್ಲ ಅಂತ ಮಾಮೂಲಿ ನೈಲಾನ್ ಹಾಕುತ್ತಾರೆ. ನೋಡಲು ಎರಡೂ ಒಂದೇ, ಸುಟ್ಟರೂ ಎರಡೂ ಕರಗುತ್ತವೆ. ಮನೆಯಲ್ಲಿ ಗೊತ್ತಾಗುವುದಿಲ್ಲ, ಲ್ಯಾಬ್‌ಗೆ ಕೊಡಬೇಕು. ಪ್ರತಿ ಲಾಟ್‌ಗೂ ಲ್ಯಾಬ್ ಖರ್ಚು ಹೆಚ್ಚಾಗುತ್ತದೆ ಅಂದರೆ ‘ಹರಳೆಣ್ಣೆ’ ಅನ್ನುವ ಹೇಳಿಕೆಯನ್ನೇ ಬಿಡಿ. ಪರೀಕ್ಷೆ ಮಾಡಿಸಲಾಗದ ಮಾತನ್ನು ಅಚ್ಚು ಹಾಕಬೇಡಿ.

ಉಳಿದ ಹಳೆಯ ಬಾಕ್ಸ್‌ಗಳನ್ನು ಏನು ಮಾಡುವುದು? ಸಾವಿರಾರು ಬಾಕ್ಸ್ ಎಸೆಯುವುದೂ ಕಸವೇ. ತಪ್ಪಾದ ಸಾಲಿನ ಮೇಲೆ ಪೂರ್ತಿ ಮುಚ್ಚುವ ಕಾಗದದ ಸ್ಟಿಕರ್ ಅಂಟಿಸಿ, ಹೊಸ ಸಾಲನ್ನು ಅದರ ಮೇಲೆ ಅಚ್ಚು ಹಾಕಿ. ವೆಬ್‌ಸೈಟು, ಲಿಸ್ಟಿಂಗ್ ಅದೇ ದಿನ ಬದಲಾಗಲಿ. ಆಮೇಲೆ ನಿಮ್ಮ ಹಳೆಯ ಸಾಲನ್ನೇ ಗೂಗಲ್‌ನಲ್ಲಿ ಹಾಕಿ ಹುಡುಕಿ. ನಿಮ್ಮ ಬ್ರಶ್ ಮರುಮಾರಾಟ ಮಾಡುವ ಅಂಗಡಿಗಳು ಅದನ್ನು ನಕಲು ಮಾಡಿ ಹಾಕಿಕೊಂಡಿರುತ್ತವೆ. ಒಬ್ಬೊಬ್ಬರಿಗೂ ಹೊಸ ವಾಕ್ಯ ಕಳಿಸಿ, ಬದಲಾಯಿಸಿದ ಪುಟದ ಸ್ಕ್ರೀನ್‌ಶಾಟ್ ತರಿಸಿಕೊಂಡು ಅದೇ ಫೋಲ್ಡರಿಗೆ ಹಾಕಿ.